ಸೋಮವಾರದ ಜ್ವರ

ಅವ್ವನಿಗೆ ಡೆಂಗಿ ಅಂಟಿಸಿದವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳೇ, ಅದೂ ಸೂಜಿ ಚುಚ್ಚಿ, ಎಂಬ ಮಾತು ಆನವಟ್ಟಿಯಲ್ಲಿ ಹುಟ್ಟಿ ಶಿಕಾರಿಪುರ ಮುಟ್ಟಲು ಒಂದು ವಾರವೂ ಹಿಡಿಯಲಿಲ್ಲ. ಆ ಮಗಳು ನಾನು. ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುವ ನನ್ನ ಸ್ವಂತ ಲ್ಯಾಬು ಶುರುವಾಗಿ ಆಗಷ್ಟೇ ಎರಡು ವಾರ ಆಗಿತ್ತು. ತೊಂಬತ್ತರ ದಶಕ ಮುಗಿಯಲು ಒಂದೆರಡು ವರ್ಷ ಬಾಕಿ ಇದ್ದ ಕಾಲ. ಬೋರ್ಡಿನ ಬಣ್ಣ ಒಣಗುವ ಮೊದಲೇ ನನ್ನ ಹೆಸರು ಕೆಟ್ಟಿತು ಅಂದರೆ ತಪ್ಪಲ್ಲ. ಇವತ್ತು ನಗುತ್ತಾ ಹೇಳುತ್ತೇನೆ, ಅವತ್ತು ಮಾತ್ರ ಸಿಕ್ಕವರನ್ನೆಲ್ಲ ಸಿಗಿದು ಹಾಕುವಷ್ಟು ಸಿಟ್ಟಿತ್ತು.

ಮೊದಲಿಂದ ಹೇಳಬೇಕು. ಶಿಕಾರಿಪುರದಲ್ಲಿ ವಯಸ್ಸಾದ ಡಾಕ್ಟರೊಬ್ಬರ ಕ್ಲಿನಿಕ್ಕಿನ ಪಕ್ಕದ ಕೋಣೆ ಖಾಲಿ ಇತ್ತು. ಡಾಕ್ಟರು ಸೊರಬದ ಕಡೆಯವರು. ಅವರೇ ಧೈರ್ಯ ತುಂಬಿ ನನ್ನನ್ನು ಅಲ್ಲಿ ಕೂರಿಸಿದರು. ಒಂದು ಸೂಕ್ಷ್ಮದರ್ಶಕ, ಒಂದು ಸೆಂಟ್ರಿಫ್ಯೂಜು, ಒಂದು ಸಣ್ಣ ಫ್ರಿಜ್ಜು, ಗೋಡೆಗೆ ಬಸವಣ್ಣನ ಪಟ. ಶ್ರಾವಣ ಸೋಮವಾರ ಪೂಜೆ ಇಟ್ಟುಕೊಂಡೆವು. ನನ್ನ ತವರು ಆನವಟ್ಟಿ. ಅಪ್ಪಂದು ಅಲ್ಲಿ ಬಟ್ಟೆ ಅಂಗಡಿ. ಅಂಗಡಿ ಬಿಟ್ಟು ಬರಲಾಗದು ಎಂದು ಅಪ್ಪ ಅವ್ವನೊಬ್ಬಳನ್ನೇ ಭಾನುವಾರದ ಬಸ್ಸಿಗೆ ಹತ್ತಿಸಿ ಕಳಿಸಿದ್ದ.

ಪೂಜೆಯ ದಿನ ಅವ್ವನ ಓಡಾಟ ನೋಡಬೇಕಿತ್ತು. ನೀಲಿ ಇಳಕಲ್ ಸೀರೆ ಉಟ್ಟು ಬಂದವರಿಗೆಲ್ಲ ಪೇಡೆ ಕೊಟ್ಟಳು. ಎದುರಿನ ಕಿರಾಣಿ ಅಂಗಡಿಯವರನ್ನು ಗಲ್ಲಾಪೆಟ್ಟಿಗೆಯಿಂದ ಎಬ್ಬಿಸಿ ಕರೆತಂದು, "ಬರ್‍ರಿ, ನಿಮ್ಮ ಸಕ್ಕರೆ ಎಷ್ಟೈತಿ ನೋಡ್ಸಿಕೊಳ್ರಿ, ನಿಮ್ಮ ಕೈಯಿಂದ ಬೋಣಿ ಆಗ್ಲಿ" ಎಂದು ಕುರ್ಚಿಗೆ ಕೂರಿಸಿಬಿಟ್ಟಳು. ವ್ಯಾಪಾರದ ಮನೆತನದವಳು ಅವಳು. ಮೊದಲ ದಿನದ ಮೊದಲ ಗಿರಾಕಿ ಯಾರು ಎಂಬುದರ ಮೇಲೆ ಇಡೀ ವರ್ಷ ನಿಂತಿದೆ ಎಂದು ನಂಬಿದವಳು. ಕಿರಾಣಿಯವರ ಸಕ್ಕರೆ ಜಾಸ್ತಿಯೇ ಇತ್ತು. ಅವರ ಮುಖ ಬಾಡಿತು, ಅವ್ವನ ಮುಖ ಅರಳಿತು. "ಒಳ್ಳೇ ಬೋಣಿ" ಅಂದಳು. ಅವತ್ತು ಅವಳ ಕಣ್ಣು ಸ್ವಲ್ಪ ಕೆಂಪಗಿತ್ತು. ಧೂಪದ ಹೊಗೆ ಅಂದುಕೊಂಡೆ.

ಮಂಗಳವಾರ ಅವ್ವ ನಮ್ಮ ಮನೆಯ ಡಬ್ಬಿಗಳನ್ನೆಲ್ಲ ತೊಳೆದಿಟ್ಟಳು. ಬುಧವಾರ ಬೆಳಿಗ್ಗೆ ಏಳಲಿಲ್ಲ. ಮುಟ್ಟಿದರೆ ಕೈ ಸುಡುತ್ತಿತ್ತು. ತಲೆನೋವು, ಕಣ್ಣಗುಡ್ಡೆಯ ಹಿಂದೆ ನೋವು, ಸೊಂಟ ಮುರಿದು ಹಾಕಿದ ಹಾಗೆ ಅಂದಳು. ಡಾಕ್ಟರು ಬಂದು ನೋಡಿ, "ಅಮ್ಮಾ, ಜ್ವರ ಯಾವಾಗ ಶುರುವಾಯ್ತು?" ಎಂದು ಕೇಳಿದರು.

"ಇವತ್ತೇರಿ. ಬೆಳಿಗ್ಗೆಯಿಂದ" ಎಂದಳು ಅವ್ವ, ಆಣೆ ಇಟ್ಟ ಹಾಗೆ ಗಟ್ಟಿಯಾಗಿ.

ನನ್ನ ಹತ್ತಿರ ಹೊಸದಾಗಿ ಬಂದ ಡೆಂಗಿ ಕಿಟ್ ಇತ್ತು. ರಕ್ತದಿಂದ ಬೇರೆಯಾದ ತಿಳಿ ಸೀರಮ್ಮಿನ ಒಂದು ಹನಿ ಹಾಕಿ, ಮೇಲೆ ಕಿಟ್ಟಿನ ದ್ರಾವಣ ಬಿಟ್ಟು ಕಾಲು ಗಂಟೆ ಕಾದರೆ ಪಟ್ಟಿಯ ಮೇಲೆ ಗೆರೆ ಮೂಡುತ್ತದೆ. ಒಂದು ಗೆರೆ ಮೂಡಲೇಬೇಕು, ಅದು ಪಟ್ಟಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಅದರ ಜೊತೆಗೆ ಇನ್ನೊಂದು ಮೂಡಿದರೆ ಡೆಂಗಿ. ಪಟ್ಟಿ ಬಿಡಿಸಿ ನೋಡುವ ಹುಮ್ಮಸ್ಸು ನನಗೆ. ಹೊಸ ಸಿರಿಂಜಿನ ಪ್ಯಾಕು ಅವ್ವನ ಎದುರಿಗೇ ಹರಿದು ರಕ್ತ ತೆಗೆದೆ. ಕಾಲು ಗಂಟೆ ಕಳೆದರೂ ಸಾಕ್ಷಿಯ ಗೆರೆ ಬಿಟ್ಟು ಬೇರೆ ಗೆರೆ ಇಲ್ಲ. ನಾನು ಕುಣಿಯುವುದೊಂದೇ ಬಾಕಿ. ರಿಪೋರ್ಟು ಬರೆದೆ: ಡೆಂಗಿ, ನೆಗೆಟಿವ್. ಕೆಳಗೆ ಹೊಸ ಸೀಲು ಒತ್ತಿದೆ. ಆ ಸೀಲು ಎಷ್ಟು ಚೆನ್ನಾಗಿ ಬಿದ್ದಿತ್ತು ಅಂದರೆ ಆರಲಿ ಎಂದು ಸ್ವಲ್ಪ ಹೊತ್ತು ಗಾಳಿಗೆ ಹಿಡಿದೆ.

ಡಾಕ್ಟರು ಕಾಗದ ನೋಡಿ ಗದರಿದರು. "ಮಾರಾಯ್ತಿ, ಮೊದಲನೇ ದಿನಕ್ಕೆ ಈ ಪಟ್ಟಿಗೇನು ಗೊತ್ತಾಗುತ್ತೆ? ಇದು ವೈರಸ್ ಹುಡುಕೋದಲ್ಲ, ವೈರಸ್ ವಿರುದ್ಧ ಮೈ ತಯಾರು ಮಾಡೋ ಪ್ರತಿಕಾಯ ಹುಡುಕೋದು. ಕಳ್ಳ ಮನೆಯೊಳಗೆ ಬಂದ ಕೂಡ್ಲೇ ಊರೋರು ದೊಣ್ಣೆ ಹಿಡಿದು ಬರ್ತಾರೇನು? ಅವರು ಎದ್ದು ಸೇರೋಕೆ ನಾಲ್ಕೈದು ದಿನ ಬೇಕು, ಎಲ್ಲರೂ ಬರೋಕೆ ವಾರವೇ ಬೇಕು. ಊರೋರು ಇನ್ನೂ ಬಂದಿಲ್ಲ ಅಂದ್ರೆ ಕಳ್ಳ ಇಲ್ಲ ಅಂತ ಅರ್ಥವಾ?"

"ಹಾಗಾದ್ರೆ ಈಗ ಕಳ್ಳನ್ನೇ ಹಿಡಿಯೋದು ಹೇಗೆ ಸರ್?"

"ಅದು ನಮ್ಮ ಕೈಯಲ್ಲಿಲ್ಲ. ವೈರಸ್ ಲ್ಯಾಬಿನೋರು ಮಾಡ್ತಾರೆ. ಮೊದಲ ನಾಲ್ಕೈದು ದಿನದ ರಕ್ತವೇ ಬೇಕು, ಅದೂ ಐಸಿನಲ್ಲಿ ಹೋಗಬೇಕು. ಆಮೇಲೆ ಊರೋರು ಸೇರಿದ ಮೇಲೆ ಕಳ್ಳ ಸಿಗೋದು ಕಷ್ಟ."

ಪ್ರತಿಜನಕ ಎಂಬ ಪದವನ್ನು ನಾನು ಡಿಪ್ಲೊಮಾದಲ್ಲಿ ಉರು ಹೊಡೆದು ಪಾಸಾಗಿದ್ದೆ. ವೈರಸ್ಸಿನ ಮೈಯ ತುಣುಕು ಅದು, ಕಳ್ಳನ ಅಂಗಿಯ ಗುಂಡಿ ಇದ್ದ ಹಾಗೆ. ಅದು ಸಿಕ್ಕರೆ ಕಳ್ಳ ಬಂದದ್ದು ಖಾತ್ರಿ. ಆ ಲ್ಯಾಬಿನಲ್ಲಿ ಸೊಳ್ಳೆಯ ಜೀವಕೋಶಗಳನ್ನು ಶೀಸೆಯಲ್ಲಿ ಬೆಳೆಸಿ, ಅವುಗಳ ಮೇಲೆ ರೋಗಿಯ ಸೀರಂ ಹಾಕಿ ದಿನಗಟ್ಟಲೆ ಬಿಡುತ್ತಾರೆ. ವೈರಸ್ ಇದ್ದರೆ ಆ ಜೀವಕೋಶಗಳಲ್ಲಿ ಹೆಚ್ಚುತ್ತದೆ. ಆಮೇಲೆ ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಪ್ರತಿಜನಕ ಹಸಿರಾಗಿ ಹೊಳೆಯುತ್ತದಂತೆ. ಇದನ್ನೆಲ್ಲ ಡಾಕ್ಟರು ಹೇಳುವಾಗ ಮಲಗಿದ್ದಲ್ಲಿಂದಲೇ ಅವ್ವ, "ಅಯ್ಯ, ಸೊಳ್ಳೀನೂ ಸಾಕ್ತಾರಾ ಜನ!" ಅಂದಳು.

ಪುಣ್ಯಕ್ಕೆ ಸರ್ಕಾರಿ ಆಸ್ಪತ್ರೆಯ ಆರೋಗ್ಯ ನಿರೀಕ್ಷಕರು ಮಾರನೇ ದಿನವೇ ಕೆಲವು ಜ್ವರದ ರಕ್ತಗಳನ್ನು ವೈರಸ್ ಲ್ಯಾಬಿಗೆ ಒಯ್ಯುವವರಿದ್ದರು. ಅವ್ವನ ಸೀರಂ ಮಿಕ್ಕಿತ್ತು. ಪುಟ್ಟ ಶೀಸೆಗೆ ಹಾಕಿ, ಬಿಗಿಯಾಗಿ ಮುಚ್ಚಿ, ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಅವರ ಲಸಿಕೆ ಡಬ್ಬಿಗೆ ಸೇರಿಸಿದೆ. ಡಬ್ಬಿಯ ಐಸು ಸಾಲದು ಎಂದು ಐಸ್‌ಕ್ಯಾಂಡಿ ಮಾಡುವವರ ಹತ್ತಿರ ಒಂದು ಚೀಲ ಐಸು ತಂದು ತುಂಬಿದೆವು. ಜೊತೆಯ ಕಾಗದದಲ್ಲಿ "ಜ್ವರದ ಎಷ್ಟನೇ ದಿನ" ಎಂಬ ಕಡೆ "ಒಂದು" ಎಂದು ಬರೆದೆ. ಅವ್ವ ಹೇಳಿದ್ದನ್ನೇ ಬರೆದೆ.

ಡಾಕ್ಟರ ಲೆಕ್ಕವೂ ಅದರ ಮೇಲೇ ನಿಂತಿತು. "ಡೆಂಗಿ ಆಗಿದ್ರೆ ಭಾನುವಾರ ಸೋಮವಾರದ ಹೊತ್ತಿಗೆ ಜ್ವರ ಇಳಿಯುತ್ತೆ. ಇಳಿದಾಗಲೇ ಅಪಾಯ. ಆಗ ನನಗೆ ತೋರ್ಸಬೇಕು. ಅಲ್ಲಿವರೆಗೂ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ನೀರು ಗಂಜಿ ಕುಡೀತಾ ಇರ್ಲಿ" ಎಂದರು.

ಆದರೆ ಶುಕ್ರವಾರವೇ ಜ್ವರ ಇಳಿಯಿತು. ಮೂರೇ ದಿನಕ್ಕೆ ಹೋಯಿತಲ್ಲ, ಇದು ಯಾವುದೋ ಹರಕು ಜ್ವರ ಎಂದು ಡಾಕ್ಟರಿಗೂ ಅನ್ನಿಸಿತು, ನನಗಂತೂ ಅನ್ನಿಸಿಯೇ ಅನ್ನಿಸಿತು. ಅವ್ವ ನನ್ನ ರಿಪೋರ್ಟನ್ನು ಮಡಚಿ ಬ್ಲೌಸಿನೊಳಗಿಟ್ಟುಕೊಂಡು, "ನೀನೇ ಸೀಲ್ ಒತ್ತಿ ಕೊಟ್ಟೀಯಲ್ಲ, ಇನ್ನೇನು?" ಎಂದು ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹತ್ತಿ ಆನವಟ್ಟಿಗೆ ಹೋದಳು.

ಶನಿವಾರ ಮಧ್ಯಾಹ್ನ ಅಪ್ಪನ ಫೋನು ಬಂತು. ಅವ್ವನಿಗೆ ಹೊಟ್ಟೆನೋವು, ವಾಂತಿ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಕೂತವಳು ಏಳಲು ಹೋಗಿ ಕಣ್ಣು ಕತ್ತಲೆಗಟ್ಟಿ ಕುಸಿದಿದ್ದಳು. ಅಪ್ಪ ಯಾರದೋ ಜೀಪಿನಲ್ಲಿ ಸೊರಬದ ಆಸ್ಪತ್ರೆಗೆ ಸೇರಿಸಿದ್ದ. ನಾನು ಹೋಗುವಷ್ಟರಲ್ಲಿ ಡ್ರಿಪ್ ಹಾಕಿದ್ದರು. ಕೈಕಾಲು ತಣ್ಣಗೆ, ನಾಡಿ ಸಣ್ಣಗೆ. ಅಲ್ಲಿಯ ಲ್ಯಾಬಿನವರು ನನಗೂ ಸೂಕ್ಷ್ಮದರ್ಶಕ ಬಿಟ್ಟುಕೊಟ್ಟರು. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್ಲೆಟ್ ಎಣಿಸುವಾಗ, ಗಾಜಿನ ಮೇಲೆ ಕೊರೆದ ಚೌಕದಿಂದ ಚೌಕಕ್ಕೆ ಹೋದರೂ ಖಾಲಿ ಬಯಲು. ನನಗೆ ಅಳು ಬಂತು. ಅಳುತ್ತಲೇ ಎಣಿಸಿದೆ, ತಪ್ಪಿತೆಂದು ಮತ್ತೆ ಎಣಿಸಿದೆ.

ಎರಡು ದಿನ ಡ್ರಿಪ್ಪಿನ ಹನಿಯನ್ನು ಅಳೆದು ತೂಗಿ ಬಿಟ್ಟರು. ಸೋಮವಾರ ಅವ್ವ ಆಸ್ಪತ್ರೆಯ ಬ್ರೆಡ್ಡನ್ನು ಬೈದಳು. ಬೈಗುಳ ಕೇಳಿ ಅಪ್ಪನ ಮುಖಕ್ಕೆ ಕಳೆ ಬಂತು. ಮಂಗಳವಾರ ನಾನು ಚೀಲದಲ್ಲಿ ಒಯ್ದಿದ್ದ ಪಟ್ಟಿ ಬಿಡಿಸಿ, ಮತ್ತೊಮ್ಮೆ ರಕ್ತ ತೆಗೆದು ಅದರ ಸೀರಂ ಹಾಕಿದೆ. ಈ ಸಲ ಕಾಲು ಗಂಟೆ ಬೇಕಾಗಲಿಲ್ಲ. ಎರಡನೇ ಗೆರೆ ಕುಂಕುಮ ಎಳೆದ ಹಾಗೆ ಎದ್ದಿತು. ಊರವರು ದೊಣ್ಣೆ ಹಿಡಿದು ಬಂದಿದ್ದರು. ಅದೇ ರಕ್ತದಲ್ಲಿ ಒಂದು ಪಾಲನ್ನು ವೈರಸ್ ಲ್ಯಾಬಿಗೂ ಕಳಿಸಿದೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನನ್ನ ಸೋದರತ್ತೆ ಇದ್ದಳಲ್ಲ, ಅಪ್ಪನ ಅಕ್ಕ. ಆನವಟ್ಟಿಯಲ್ಲಿ ತವರಿಗೆ ಅಂಟಿಕೊಂಡ ಮನೆಯೇ ಅವಳದು. ಅವಳ ಹಿತ್ತಲಲ್ಲಿ ಒಂದು ಕಲ್ಲುಬಾನಿ. ಅದರಲ್ಲಿ ಮಳೆನೀರು ಹಿಡಿದಿಡುತ್ತಿದ್ದಳು, ಆ ನೀರಲ್ಲಿ ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ ಎಂಬುದು ಅವಳ ಹೆಮ್ಮೆ. ಡೆಂಗಿ ಎಂದು ಗೊತ್ತಾದ ಕೂಡಲೇ ಸೊರಬದಿಂದ ಆರೋಗ್ಯ ಇಲಾಖೆಯವರು ಬಂದು ಸುತ್ತಮುತ್ತ ಹುಡುಕಿದರು. ಬಾನಿಯ ನೀರಲ್ಲಿ ಸೊಳ್ಳೆಮರಿಗಳು ತಲೆಕೆಳಗಾಗಿ ತೇಲುತ್ತಿದ್ದವು. ಅತ್ತೆಯ ಎದುರಿಗೇ ನೀರೆಲ್ಲ ಮೊಗೆದು ಚೆಲ್ಲಿ, ಒಳಗೋಡೆಗೆ ಅಂಟಿದ ಮೊಟ್ಟೆ ಹೋಗಲಿ ಎಂದು ತೆಂಗಿನ ನಾರಿನಿಂದ ಉಜ್ಜಿಸಿದರು. ಓಣಿಯ ಜನರೆಲ್ಲ ನಿಂತು ನೋಡಿದರು. ಅತ್ತೆಗೆ ಆದ ಅವಮಾನ ಸಣ್ಣದಲ್ಲ.

ಅವಳ ಕೈಗೆ ಸಿಕ್ಕಿದ್ದು ಅವ್ವನ ಬ್ಲೌಸಿನಲ್ಲಿದ್ದ ನನ್ನ ರಿಪೋರ್ಟು. "ಬುಧವಾರ ಡೆಂಗಿ ಇಲ್ಲ ಅಂತ ಅವ್ಳೇ ಬರದಾಳ, ಸೀಲ್ ಹಾಕ್ಯಾಳ. ಸೂಜಿ ಚುಚ್ಚಿದ್ ಮ್ಯಾಲೆ ವಾರದಾಗ ಡೆಂಗಿ ಬಂದೈತಿ. ನನ್ನ ಬಾನಿ ಏನ್ ಮಾಡ್ತೈತಿ? ಅದು ಸೂಜಿದ್ದು!" ಎಂದು ಮನೆಮನೆಗೆ ಹೇಳಿಬಂದಳು. ಜ್ವರ ಸೂಜಿಗಿಂತ ಮೊದಲೇ ಬಂದಿತ್ತಲ್ಲ ಅಕ್ಕಾ ಎಂದು ಅಪ್ಪ ಹೇಳಿ ನೋಡಿದ. ಅದಕ್ಕೂ ಉತ್ತರ ತಯಾರಿತ್ತು. "ಅದೇ ದಿನ ಬೆಳಿಗ್ಗೆ ಬಂದಿದ್ದಂತ. ಬಸ್ಸಿನ ದಣಿವಿಗೆ ಮೈ ಬಿಸಿ ಆಗಿರ್ತೈತಿ, ಅಷ್ಟಕ್ಕ ಚುಚ್ಚೋದಾ?"

ಕೇಳಿದವರಿಗೆ ಸರಿ ಅನ್ನಿಸುವ ಮಾತು. ಮೊದಲು ಇಲ್ಲ, ಆಮೇಲೆ ಇದೆ. ನಡುವೆ ಆದದ್ದೇನು? ಸೂಜಿ. ಆನವಟ್ಟಿ ಸಂತೆಯಿಂದ ಮಾತು ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂತು. ಡಾಕ್ಟರು ಚೀಟಿ ಬರೆದು ಕೊಟ್ಟರೂ ಜನ ನನ್ನ ಬಾಗಿಲು ದಾಟಿ ಬಸ್‌ಸ್ಟ್ಯಾಂಡಿನ ಹತ್ತಿರದ ಲ್ಯಾಬಿಗೆ ಹೋಗತೊಡಗಿದರು. ನಾನು ಖಾಲಿ ಕುರ್ಚಿಯ ಎದುರು ಗಾಜಿನ ಸ್ಲೈಡುಗಳನ್ನು ಒರೆಸುತ್ತಾ ಕೂತಿರುತ್ತಿದ್ದೆ. ಒರೆಸಿ ಒರೆಸಿ ಅವು ಹೊಸದಕ್ಕಿಂತ ಹೊಳೆಯುತ್ತಿದ್ದವು. ಹೀಗೇ ಒಂದೆರಡು ತಿಂಗಳು ಹೋದರೆ ಲ್ಯಾಬು ಮುಚ್ಚಬೇಕು ಎಂಬುದು ನನಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು.

ಅತ್ತೆಯ ಮಾತಿಗಿಂತ ನನಗೆ ನೋವಾದದ್ದು ಅವ್ವನ ಮೌನ. ಎದುರಾಳಿ ಯಾರೇ ಆಗಲಿ ಮಾತಿಗೆ ಮಾತು ಕೊಡುವವಳು, ಅತ್ತೆ ಬಂದು ಸೂಜಿಯ ಪುರಾಣ ತೆಗೆದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಹಾಗಾದರೆ ಅವಳೂ ನಂಬಿದಳೇ? ಕೇಳಲು ನನಗೆ ಹೆದರಿಕೆ. ಹೌದು ಅಂದುಬಿಟ್ಟರೆ?

ಹೆಚ್ಚುಕಡಿಮೆ ಒಂದು ತಿಂಗಳಾದ ಮೇಲೆ ಆರೋಗ್ಯ ನಿರೀಕ್ಷಕರು ಸೈಕಲ್ ನಿಲ್ಲಿಸಿ ಲಕೋಟೆ ಕೊಟ್ಟರು. ವೈರಸ್ ಲ್ಯಾಬಿನ ಕಾಗದ. ಒಂದೇ ಹೆಂಗಸಿನ ಎರಡು ರಕ್ತ, ಎರಡು ಸಾಲು. ಮೊದಲನೆಯದರಲ್ಲಿ ಡೆಂಗಿ ವೈರಸ್ಸಿನ ಪ್ರತಿಜನಕ ಕಂಡಿದೆ, ಪ್ರತಿಕಾಯ ಇಲ್ಲ. ಎರಡನೆಯದರಲ್ಲಿ ಪ್ರತಿಕಾಯ ಇದೆ, ವೈರಸ್ ಸಿಕ್ಕಿಲ್ಲ. ನಾನು ಬಾಗಿಲಲ್ಲೇ ನಿಂತು ಮೂರು ಸಲ ಓದಿದೆ. ನನ್ನ ಸೂಜಿ ಮೊದಲ ಸಲ ಅವ್ವನ ಕೈ ಮುಟ್ಟಿದಾಗ ಹೊರಗೆ ಬಂದ ರಕ್ತದಲ್ಲೇ ವೈರಸ್ ಇತ್ತು. ನಾನು ನೆಗೆಟಿವ್ ಎಂದು ಸೀಲು ಒತ್ತಿದ ಅದೇ ರಕ್ತ! ನನ್ನ ಪಟ್ಟಿ ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಪ್ರಶ್ನೆಯ ಹೊತ್ತು ತಪ್ಪಾಗಿತ್ತು.

ಡಾಕ್ಟರು ಕನ್ನಡಕ ಏರಿಸಿ ಓದಿ ನಕ್ಕರು. ಆಮೇಲೆ ಬೆರಳು ಮಡಚಿ ಏನೋ ಎಣಿಸಿದರು. "ಸರಿ ಮಾರಾಯ್ತಿ, ನಿನ್ನ ಸೂಜಿ ಗೆದ್ದಿತು. ಆದ್ರೆ ಒಂದು ಮಾತು. ಬುಧವಾರ ಶುರುವಾದ ಡೆಂಗಿ ಶುಕ್ರವಾರಕ್ಕೆ ಇಳಿದು ಶನಿವಾರಕ್ಕೆ ಆ ಪರಿ ಬೀಳ್ಸೋದು ನಾನು ನೋಡಿಲ್ಲ. ನಿಮ್ಮವ್ವನ ಲೆಕ್ಕದಲ್ಲಿ ಎರಡು ದಿನ ಕಮ್ಮಿ ಇದಾವೆ. ಹೋಗಿ ಕೇಳು."

ಭಾನುವಾರ ಆನವಟ್ಟಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಅತ್ತೆಯೂ ಇದ್ದಳು, ಅಪ್ಪನೂ ಇದ್ದ. ಕಾಗದ ಬಿಚ್ಚಿ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅತ್ತೆ ತುಟಿ ಓರೆ ಮಾಡಿದಳು.

"ಕಾಗದ ಏನ್ ಬೇಕಾದ್ರೂ ಹೇಳ್ತೈತಿ ಬಿಡು. ಮೊದ್ಲಿನ ಕಾಗದ ಇಲ್ಲ ಅಂತು, ಈಗಿಂದು ಐತಿ ಅಂತೈತಿ. ನಾಳೆ ಮತ್ತೊಂದು ಬರ್ತೈತಿ. ಇವ್ಳು ಬುಧವಾರ ಚುಚ್ಚಿದ್ಲು, ನಿನಗ ಜ್ವರ ಬುಧವಾರ ಬಂತು. ಅಷ್ಟೇ ನನಗ ಗೊತ್ತಿರೋದು."

ನಾನು ಬಾಯಿ ತೆರೆಯುವ ಮೊದಲೇ ಅವ್ವ ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿದಳು. "ಬುಧವಾರ ಅಲ್ರಿ ಅಕ್ಕಾರ" ಎಂದಳು. "ಸೋಮವಾರ. ಸೋಮವಾರ ಬೆಳಿಗ್ಗೆ ಎದ್ದಾಗ್ಲೇ ಮೈ ಕೆಂಡ ಆಗಿತ್ತು."

ಪೇಡೆ ಹಂಚಿದ ಸೋಮವಾರ, ಡಬ್ಬಿ ತೊಳೆದ ಮಂಗಳವಾರ, ಎಲ್ಲ ನನ್ನ ಕಣ್ಣ ಮುಂದೆ ಬಂತು. ಎರಡು ದಿನ ಜ್ವರದಲ್ಲಿ ಓಡಾಡಿದ್ದಳು. ಬುಧವಾರ ನಾವು ಮೊದಲ ದಿನ ಅಂದುಕೊಂಡದ್ದು ಮೂರನೆಯದು. ಹರಕು ಜ್ವರ ಹೋಯಿತು ಎಂದು ಬಸ್ಸು ಹತ್ತಿಸಿದ ಶುಕ್ರವಾರ ಐದನೆಯದು, ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕಾದ ದಿನ.

"ಮತ್ತೆ ಬುಧವಾರ ಅಂತ ಯಾಕೆ ಹೇಳಿದೆ?" ನಾನು ಕಿರುಚಿದೆ. ನಿಜವಾಗಿಯೂ ಕಿರುಚಿದೆ. "ಸತ್ತೇ ಹೋಗ್ತಿದ್ದೆಯಲ್ಲ ಅವ್ವಾ!"

"ನಿನ್ನ ಲ್ಯಾಬಿನ ಮೊದಲ್ನೇ ದಿನ ಅದು" ಎಂದಳು ಅವಳು, ತಪ್ಪು ಮಾಡಿದ ಮಕ್ಕಳ ಹಾಗೆ ಸೊಪ್ಪಿನ ಕಡ್ಡಿ ಮುರಿಯುತ್ತಾ. "ಜ್ವರ ಅಂದ್ರೆ ನೀನು ಪೂಜಿ ಬಿಟ್ಟು ನನ್ನ ಕೈಗೇ ಸೂಜಿ ಹಾಕ್ತಿದ್ದಿ. ಹೆತ್ತವ್ಳ ಜ್ವರದಿಂದ ಬೋಣಿ ಆಗಬೇಕಾ? ಅದಕ್ಕ ಆ ಸಕ್ಕರೆಯವರನ್ನ ಎಳ್ಕೊಂಡು ಬಂದೆ. ಆಮ್ಯಾಲೆ ಸೋಮವಾರ ಅಂತ ಹ್ಯಾಂಗ ಹೇಳ್ಲಿ? ಹೇಳಿದ್ರ ಆ ದಿನನೇ ಕೆಡ್ತೈತಿ ಅನ್ನಿಸ್ತು. ನಿನ್ನ ಮ್ಯಾಲೆ ಮಾತು ಬಂದಾಗ ಇವತ್ತು ಹೇಳ್ಲಿ, ನಾಳೆ ಹೇಳ್ಲಿ ಅಂತ ಮಲಗ್ತಿದ್ದೆ. ಬಾಯಿ ಬರ್ಲಿಲ್ಲ."

ಗೋಡೆ ಕಡೆ ತಿರುಗಿ ಮಲಗುತ್ತಿದ್ದ ಬೆನ್ನು ನೆನಪಾಯಿತು. ನನ್ನ ಮೇಲೆ ಅನುಮಾನ ಪಟ್ಟ ಬೆನ್ನಲ್ಲ ಅದು. ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಸೀರೆಗೆಲ್ಲ ಮೆಂತ್ಯದ ವಾಸನೆ. ಅಪ್ಪ ಕೆಮ್ಮಿ ಎದ್ದು ಅಂಗಡಿಗೆ ಹೋದ.

ಸೋದರತ್ತೆ ಬೆರಳು ಮಡಚುತ್ತಾ ಕೂತಿದ್ದಳು. "ಹಂಗಾದ್ರ ಸೊಳ್ಳಿ ಕಡದಿದ್ದು ಅದಕ್ಕಿಂತ ಮೊದ್ಲು. ಅಂದ್ರ ಇಲ್ಲೇ" ಎಂದಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ ನಾಲ್ಕರಿಂದ ಏಳು ದಿನ ಎಂದು ನಾನು ಮೂಗು ಒರೆಸಿಕೊಳ್ಳುತ್ತಾ ಹೇಳಿದೆ. ಅವಳು ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಹಿತ್ತಲಿಂದ ಬಾನಿಗೆ ನೀರು ಚೆಲ್ಲಿ ಉಜ್ಜುವ ಸದ್ದು ಕೇಳಿತು. ಕ್ಷಮೆ ಕೇಳುವ ಅಭ್ಯಾಸ ಅವಳಿಗೆ ಇರಲಿಲ್ಲ. ಆದರೆ ಮುಂದಿನ ಸಂತೆಗೆ ಹೋದವಳು ಸೂಜಿಯ ಕಥೆ ಹೇಳಿದ ಅಷ್ಟೇ ಮನೆಗಳಿಗೆ ಹೋಗಿ ಸೋಮವಾರದ ಕಥೆ ಹೇಳಿಬಂದಳು. ಆ ತಿಂಗಳ ಕೊನೆಗೆ ಆನವಟ್ಟಿಯಿಂದಲೇ ನನಗೆ ಗಿರಾಕಿಗಳು ಬಂದರು.

ನನ್ನ ರಿಜಿಸ್ಟರಿನಲ್ಲಿ ಆಗ ಸ್ಕೇಲಿಟ್ಟು ಒಂದು ಹೊಸ ಕಾಲಮ್ಮು ಎಳೆದೆ: ಜ್ವರದ ಎಷ್ಟನೇ ದಿನ. ರಿಪೋರ್ಟಿನಲ್ಲೂ ನೆಗೆಟಿವ್ ಎಂಬುದರ ಪಕ್ಕದಲ್ಲೇ ಆ ದಿನ ಬರೆಯುತ್ತೇನೆ, ವಾರ ಕಳೆದ ಮೇಲೆ ಮತ್ತೆ ನೋಡಿಸಿ ಎಂದೂ ಬರೆಯುತ್ತೇನೆ. ಯಾರೇ ಬಂದು "ನಿನ್ನೆಯಿಂದ" ಎಂದರೂ ನಂಬುವುದಿಲ್ಲ. ಹಾಸಿಗೆ ಹಿಡಿದ ದಿನ ಅಲ್ಲ, ಮೈ ಬಿಸಿಯಾದ ದಿನ ಹೇಳಿ ಎನ್ನುತ್ತೇನೆ. ನಮ್ಮ ಕಡೆಯವರು ಕೆಲಸ ಮಾಡುತ್ತಾ ಕಳೆದ ಜ್ವರವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ಪ್ರತಿಜನಕವನ್ನೂ ಪಟ್ಟಿಯ ಮೇಲೇ ತೋರಿಸುವ ಕಿಟ್ಟುಗಳು ಬಂದವು. ಈಗ ಮೊದಲ ದಿನಗಳಲ್ಲಿ ಕಳ್ಳನನ್ನೂ ವಾರದ ಹೊತ್ತಿಗೆ ಊರವರನ್ನೂ ನನ್ನ ಮೇಜಿನ ಮೇಲೇ ನೋಡಬಹುದು. ಆದರೂ ಐದನೇ ದಿನ ಬಂದು "ಮೊದಲ್ನೇದು" ಎನ್ನುವವರ ಅಪಾಯದ ಹೊತ್ತನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಅದಕ್ಕೆ ಆ ಕಾಲಮ್ಮೇ ಗತಿ.

ಅವ್ವ ಇದ್ದಷ್ಟು ವರ್ಷ ಶ್ರಾವಣದ ಆ ಸೋಮವಾರ ತಪ್ಪಿಸಲಿಲ್ಲ. ಬೆಳಿಗ್ಗೆಯ ಬಸ್ಸಿಗೆ ಬಂದು ಇಳಿಯುತ್ತಿದ್ದಳು. ಲ್ಯಾಬಿನ ಬಾಗಿಲಿಗೆ ಬಂದವಳು ದೀಪ ಹಚ್ಚುವ ಮೊದಲು, ಚಪ್ಪಲಿ ಬಿಡುವುದಕ್ಕೂ ಮೊದಲು, ನನ್ನ ಕೈ ಹಿಡಿದು ತನ್ನ ಹಣೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು.

"ತಣ್ಣಗ ಐತಿ, ನೋಡ್ದೀ? ಇನ್ನ ಬೋಣಿ ಮಾಡು."